61.8 ಎಂಬ ಗೆರೆ: ಫಿಬೊನಾಚಿ ಅನುಪಾತಗಳೂ ಪೇಟೆಯ ನಂಬಿಕೆಯೂ

ಷೇರುಪೇಟೆ ಮತ್ತು ಸರಕುಪೇಟೆಯ ವಿಶ್ಲೇಷಣೆಗಳಲ್ಲಿ ‘ಶೇ. 38.2ರ ಮಟ್ಟದಲ್ಲಿ ಪ್ರತಿರೋಧವಿದೆ’, ‘ಶೇ. 61.8ರಲ್ಲಿ ಬೆಂಬಲ ದೊರೆಯಬಹುದು’ ಎಂಬ ಮಾತುಗಳು ಪದೇ ಪದೇ ಬರುತ್ತವೆ. ಒಂದು ದೊಡ್ಡ ಏರಿಕೆ ಅಥವಾ ಇಳಿಕೆಯ ನಂತರ ಬೆಲೆಯು ತಾನು ಕ್ರಮಿಸಿದ ದಾರಿಯಲ್ಲಿ ಒಂದಷ್ಟು ದೂರ ಹಿಂದಿರುಗುವುದನ್ನು ರಿಟ್ರೇಸ್‌ಮೆಂಟ್ ಎನ್ನುತ್ತಾರೆ. ಹಾಗೆ ಹಿಂದಿರುಗುವ ಬೆಲೆ ಎಲ್ಲಿ ನಿಲ್ಲಬಹುದು ಎಂಬುದನ್ನು ಅಳೆಯಲು ವಹಿವಾಟುದಾರರು ಬಳಸುವ ಅಳತೆಗೋಲುಗಳೇ ಈ ಶೇಕಡಾವಾರುಗಳು.

ಅನುಪಾತಗಳ ಮೂಲ

1, 1, 2, 3, 5, 8, 13, 21, 34, 55, 89 ಎಂಬ ಸರಣಿಯಲ್ಲಿ ಪ್ರತಿಯೊಂದು ಸಂಖ್ಯೆಯೂ ಅದರ ಹಿಂದಿನ ಎರಡರ ಮೊತ್ತ. 55ನ್ನು 89ರಿಂದ ಭಾಗಿಸಿದರೆ 0.618, 34ನ್ನು 89ರಿಂದ ಭಾಗಿಸಿದರೆ 0.382, 21ನ್ನು ಭಾಗಿಸಿದರೆ 0.236 ದೊರೆಯುತ್ತದೆ. ಸರಣಿಯಲ್ಲಿ ಮುಂದೆ ಸಾಗಿದಂತೆ ಈ ಅನುಪಾತಗಳು ಬಹುಮಟ್ಟಿಗೆ ಬದಲಾಗುವುದಿಲ್ಲ. 0.618ರ ವರ್ಗಮೂಲವಾದ 0.786ನ್ನೂ ಹಲವರು ಸೇರಿಸಿಕೊಳ್ಳುತ್ತಾರೆ. ಆದರೆ ಎಲ್ಲರೂ ಬಳಸುವ ಶೇ. 50ರ ಗೆರೆ ಈ ಅನುಪಾತಗಳ ಸಾಲಿಗೆ ಸೇರಿದ್ದಲ್ಲ. ಏರಿಕೆಯ ಅರ್ಧದಷ್ಟು ಹಿಂದಿರುಗುವುದು ಸಾಮಾನ್ಯ ಎಂಬ ಹಳೆಯ ಪೇಟೆ ಅನುಭವದಿಂದ ಬಂದುದು ಅದು.

ಪೀಸಾ ನಗರದ ಲಿಯೊನಾರ್ಡೊ ಅಥವಾ ಫಿಬೊನಾಚಿ 1202ರಲ್ಲಿ ಬರೆದ ‘ಲಿಬೆರ್ ಅಬಾಚಿ’ ಗ್ರಂಥದಲ್ಲಿ ಈ ಸರಣಿ ಮೊಲಗಳ ಸಂತಾನದ ಲೆಕ್ಕವಾಗಿ ಬರುತ್ತದೆ. ಆ ಗ್ರಂಥವು ಭಾರತೀಯ ಅಂಕಿಗಳನ್ನೂ ವ್ಯಾಪಾರದ ಲೆಕ್ಕಾಚಾರವನ್ನೂ ಯೂರೋಪಿನ ವರ್ತಕರಿಗೆ ಕಲಿಸಿದ ಪುಸ್ತಕವಾಗಿತ್ತು. ಅದಕ್ಕೂ ಮೊದಲೇ, ಸುಮಾರು 1150ರಲ್ಲಿ, ಹೇಮಚಂದ್ರನು ಲಘು ಗುರುಗಳಿಂದ ನಿರ್ದಿಷ್ಟ ಮಾತ್ರೆಗಳ ಸಾಲನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದೆಂದು ಲೆಕ್ಕ ಹಾಕುವಾಗ ಇದೇ ಸಂಖ್ಯೆಗಳನ್ನು ನೀಡಿದ್ದನು. ಇವರಿಬ್ಬರೂ ಇದನ್ನು ಬೆಲೆಗಳ ಏರಿಳಿತಕ್ಕೆ ಅನ್ವಯಿಸಲಿಲ್ಲ. ಆ ಸಂಬಂಧವನ್ನು ಪ್ರಚಾರಕ್ಕೆ ತಂದವರಲ್ಲಿ ಮುಖ್ಯನಾದವನು 20ನೇ ಶತಮಾನದ ಅಮೆರಿಕದ ರಾಲ್ಫ್ ನೆಲ್ಸನ್ ಎಲಿಯಟ್. ಸರಣಿಯ ಗಣಿತ ಪ್ರಶ್ನಾತೀತವಾದುದು. ಬೆಲೆಗಳು ಅದನ್ನು ಅನುಸರಿಸಬೇಕೆಂಬುದಕ್ಕೆ ಗಣಿತದಲ್ಲಿ ಯಾವ ಆಧಾರವೂ ಇಲ್ಲ.

ಒಂದು ಉದಾಹರಣೆ

2020ರ ಜನವರಿ 20ರಂದು ನಿಫ್ಟಿ ಸೂಚ್ಯಂಕವು ಸುಮಾರು 12,430ಕ್ಕೆ ಏರಿ, ಕೋವಿಡ್ ಆತಂಕದಲ್ಲಿ ಮಾರ್ಚ್ 24ರಂದು 7,511ಕ್ಕೆ ಕುಸಿಯಿತು. ಒಟ್ಟು ಇಳಿಕೆ 4,919 ಅಂಶಗಳು. ಇದರ ಶೇ. 38.2 ಎಂದರೆ 1,879. ಅದನ್ನು ತಳಕ್ಕೆ ಕೂಡಿಸಿದರೆ 9,390. ಇದೇ ಕ್ರಮದಲ್ಲಿ ಶೇ. 50ರ ಮಟ್ಟ 9,971 ಹಾಗೂ ಶೇ. 61.8ರ ಮಟ್ಟ 10,551 ಆಗುತ್ತದೆ.

ಏಪ್ರಿಲ್ 20ರಂದು ಸೂಚ್ಯಂಕವು 9,390ರ ಬಳಿಗೆ ಬಂದು ತಿರುಗಿತು. ಮರುದಿನ 9,000ಕ್ಕಿಂತ ಕೆಳಗೆ ಮುಕ್ತಾಯವಾಯಿತು. ಗೆರೆ ಕೆಲಸ ಮಾಡಿತೆಂದು ಹೇಳಲು ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಆದರೆ ಅದೇ ಏಪ್ರಿಲ್ 20ರ ರಾತ್ರಿ ಅಮೆರಿಕದ ಕಚ್ಚಾತೈಲದ ವಾಯಿದಾ ಬೆಲೆ ಇತಿಹಾಸದಲ್ಲಿ ಮೊದಲ ಬಾರಿಗೆ ಶೂನ್ಯಕ್ಕಿಂತ ಕೆಳಗಿಳಿದಿತ್ತು. ಮರುದಿನದ ಕುಸಿತಕ್ಕೆ ಗೆರೆ ಕಾರಣವೋ ತೈಲ ಕಾರಣವೋ ಎಂದು ನಕ್ಷೆಯೊಂದನ್ನೇ ನೋಡಿ ಹೇಳಲಾಗದು.

ಏಪ್ರಿಲ್ 30ರಂದು ಸೂಚ್ಯಂಕವು 9,889ರವರೆಗೆ ಏರಿ ಮತ್ತೆ ಇಳಿಯಿತು. ಇದು ಶೇ. 50ರ ಗೆರೆಗೆ 82 ಅಂಶ ಕಡಿಮೆ. ಇಲ್ಲಿಯೂ ಒಂದು ತೊಡಕಿದೆ: 9,971ರ ಪಕ್ಕದಲ್ಲಿಯೇ 10,000 ಎಂಬ ಇಡಿಸಂಖ್ಯೆ ಇದೆ. ಜುಲೈ ಮೊದಲ ವಾರದಲ್ಲಿ ಸೂಚ್ಯಂಕವು 10,551ನ್ನು ದಾಟಿತು, ಎಲ್ಲಕ್ಕಿಂತ ಮುಖ್ಯವೆನ್ನಲಾಗುವ ಶೇ. 61.8ರ ಗೆರೆ ಅದನ್ನು ಹೆಚ್ಚು ಕಾಲ ತಡೆಯಲಿಲ್ಲ. ನವೆಂಬರ್ ವೇಳೆಗೆ ಜನವರಿಯ ಶಿಖರವನ್ನೇ ಅದು ದಾಟಿತು. ಅಲ್ಲಿ ಇಳಿಕೆಯನ್ನು ನಿರೀಕ್ಷಿಸಿ ಮಾರಿದ್ದವರು ನಷ್ಟ ಅನುಭವಿಸಬೇಕಾಯಿತು.

82 ಅಂಶಗಳ ವ್ಯತ್ಯಾಸವನ್ನು ‘ಸರಿ’ ಎಂದು ಒಪ್ಪಿದರೆ, ಪ್ರತಿ ಗೆರೆಯ ಮೇಲೂ ಕೆಳಗೂ ಸೇರಿ 164 ಅಂಶಗಳನ್ನು ಬಿಟ್ಟುಕೊಟ್ಟಂತಾಯಿತು. ಶೇ. 23.6, 38.2, 50, 61.8 ಮತ್ತು 78.6 ಎಂಬ ಐದು ಗೆರೆಗಳಿಗೆ ಒಟ್ಟು 820 ಅಂಶಗಳು. ಇದು 4,919ರಲ್ಲಿ ಆರನೆಯ ಒಂದು ಭಾಗ. ಅಂದರೆ ಯಾವ ನಿಯಮವೂ ಇಲ್ಲದೆ ಎಲ್ಲಾದರೂ ತಿರುಗಿದ ಬೆಲೆಯೂ ಆರು ಸಲಕ್ಕೆ ಒಂದು ಸಲ ಯಾವುದಾದರೊಂದು ಗೆರೆಗೆ ಹೊಂದಿಕೊಳ್ಳುತ್ತದೆ. ಇದರ ಜೊತೆಗೆ ದಿನದ ಗರಿಷ್ಠ ಕನಿಷ್ಠಗಳ ಬದಲು ಮುಕ್ತಾಯದ ಬೆಲೆಗಳನ್ನು, ಅಂದರೆ 12,362 ಮತ್ತು 7,610ನ್ನು ತೆಗೆದುಕೊಂಡರೆ, ಮೊದಲ ಗೆರೆ 9,390ರಿಂದ 9,425ಕ್ಕೆ ಸರಿಯುತ್ತದೆ. ತಿರುವು ಕಂಡ ನಂತರ ಎರಡರಲ್ಲಿ ಸರಿಹೊಂದುವ ಅಳತೆಯನ್ನು ಆರಿಸಿಕೊಳ್ಳುವುದು ಸುಲಭ.

ನಂಬಿಕೆಯೇ ಕಾರಣವೆಂಬ ಟೀಕೆ

ಹಾಗಿದ್ದರೂ ಈ ಗೆರೆಗಳು ಕೆಲವೊಮ್ಮೆ ಫಲಿಸುವುದು ಎಲ್ಲರೂ ಅವನ್ನು ನೋಡುತ್ತಿರುವುದರಿಂದಲೇ ಎಂಬುದು ಟೀಕಾಕಾರರ ವಾದ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1948ರಲ್ಲಿ ಇಂಥ ‘ತನ್ನನ್ನು ತಾನೇ ನಿಜವಾಗಿಸುವ ಭವಿಷ್ಯವಾಣಿ’ಯನ್ನು ವಿವರಿಸಿದನು. ಸುಸ್ಥಿತಿಯಲ್ಲಿರುವ ಬ್ಯಾಂಕ್ ಮುಳುಗುತ್ತದೆಂಬ ಸುದ್ದಿ ಹಬ್ಬಿ, ಠೇವಣಿದಾರರೆಲ್ಲ ಹಣ ಹಿಂಪಡೆಯಲು ಧಾವಿಸಿದಾಗ ಬ್ಯಾಂಕ್ ನಿಜವಾಗಿಯೇ ಮುಳುಗುತ್ತದೆ. ಅದೇ ರೀತಿ ಸಾವಿರಾರು ಜನರು 9,390ರಲ್ಲಿ ಮಾರಾಟದ ಆದೇಶ ಇರಿಸಿದ್ದರೆ ಬೆಲೆ ಅಲ್ಲಿ ತಡೆಯಬಹುದು.

ಇದು ಕೇವಲ ಊಹೆಯಲ್ಲ. ಅರ್ಥಶಾಸ್ತ್ರಜ್ಞೆ ಕ್ಯಾರಲ್ ಆಸ್ಲರ್ ವಿದೇಶಿ ವಿನಿಮಯ ಪೇಟೆಯ ನೈಜ ಆದೇಶಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಾಭ ಪಡೆಯುವ ಆದೇಶಗಳು ಇಡಿಸಂಖ್ಯೆಗಳ ಮೇಲೆಯೇ ಗುಂಪುಗೂಡುತ್ತವೆಂದೂ ಸ್ಟಾಪ್‌ಲಾಸ್ ಆದೇಶಗಳು ಅವನ್ನು ದಾಟಿದ ತುಸು ಆಚೆಗೆ ಕೂಡುತ್ತವೆಂದೂ ತೋರಿಸಿದಳು. ಗೆರೆಯ ಬಳಿ ಬೆಲೆ ತಿರುಗುವುದೂ, ಗೆರೆ ಮುರಿದರೆ ವೇಗವಾಗಿ ಓಡುವುದೂ ಇದರಿಂದ ಅರ್ಥವಾಗುತ್ತದೆ. ಗುಂಪುಗೂಡುವಿಕೆಗೆ ಫಿಬೊನಾಚಿಯೇ ಬೇಕೆಂದಿಲ್ಲ, ಎಲ್ಲರಿಗೂ ಕಾಣುವ ಯಾವುದೇ ಗುರುತು ಸಾಕು.

ಆದರೆ ಈ ಟೀಕೆಗೂ ಮಿತಿಯಿದೆ. ಗೆರೆ ಖಚಿತವೆಂದು ಎಲ್ಲರೂ ನಂಬಿದರೆ, ಜಾಣನಾದವನು ಅದಕ್ಕಿಂತ ಸ್ವಲ್ಪ ಮೊದಲೇ ಮಾರುತ್ತಾನೆ, ಇನ್ನೊಬ್ಬನು ಅವನಿಗಿಂತ ಮೊದಲು. ಹೀಗೆ ತಿರುವು ಗೆರೆಯಿಂದ ದೂರ ಸರಿದು ಗೆರೆ ತನ್ನ ಮಹತ್ವವನ್ನು ತಾನೇ ಕಳೆದುಕೊಳ್ಳುತ್ತದೆ. ಅಲ್ಲದೆ ದೊಡ್ಡ ಸಂಸ್ಥೆಗಳ ನಿರಂತರ ಖರೀದಿಯ ಮುಂದೆ ಸಣ್ಣ ಆದೇಶಗಳ ಗುಂಪು ನಿಲ್ಲಲಾರದು. ನಂಬಿಕೆಯಿಂದ ಹುಟ್ಟುವ ಬೆಂಬಲವು ಕೆಲವು ಗಂಟೆ ಅಥವಾ ದಿನಗಳದು. ಲೋಹದ ಅಥವಾ ಷೇರಿನ ದೀರ್ಘಕಾಲದ ಬೆಲೆಯನ್ನು ಅದು ನಿರ್ಧರಿಸದು.

ಬಳಸುವವರು ಗಮನಿಸಬೇಕಾದುದು

ಈ ಗೆರೆಗಳಿಗೆ ಒಂದು ಪ್ರಾಮಾಣಿಕ ಉಪಯೋಗವಿದೆ. ಎಲ್ಲಿ ಪ್ರವೇಶಿಸಬೇಕು, ಬೆಲೆ ಎಲ್ಲಿ ದಾಟಿದರೆ ತನ್ನ ಎಣಿಕೆ ತಪ್ಪೆಂದು ಹೊರಬರಬೇಕು, ಅಷ್ಟರಲ್ಲಿ ನಷ್ಟವೆಷ್ಟು ಎಂಬುದನ್ನು ಮೊದಲೇ ಲೆಕ್ಕ ಹಾಕಲು ಅವು ನೆರವಾಗುತ್ತವೆ. ಅವುಗಳ ನಿಜವಾದ ಫಲವನ್ನು ಪರೀಕ್ಷಿಸಬಯಸುವವರು ಗೆರೆ, ಒಪ್ಪುವ ವ್ಯತ್ಯಾಸ ಮತ್ತು ‘ತಿರುವು’ ಎಂದರೆ ಎಷ್ಟು ಅಂಶ ಎಂಬುದನ್ನು ಮುಂಚಿತವಾಗಿ ಬರೆದಿಡಬೇಕು. ಅದೇ ಅಂತರದಲ್ಲಿ ಮನಬಂದಂತೆ ಎಳೆದ ಐದು ಗೆರೆಗಳೊಡನೆ ಫಲಿತಾಂಶವನ್ನು ಹೋಲಿಸಬೇಕು. ಮನಬಂದ ಗೆರೆಗಳಿಗಿಂತ ಸ್ಪಷ್ಟವಾಗಿ ಮೇಲಾಗದಿದ್ದರೆ ಅನುಪಾತಕ್ಕೆ ವಿಶೇಷ ಶಕ್ತಿಯಿಲ್ಲವೆಂದೇ ತಿಳಿಯಬೇಕು.

ಉತ್ಪಾದಕರ ವಿಷಯದಲ್ಲಿ ಎಚ್ಚರ ಇನ್ನೂ ಅಗತ್ಯ. ನಿಗದಿತ ದರಕ್ಕೆ ಮೋಟಾರು ಪೂರೈಸಲು ಒಪ್ಪಿಕೊಂಡ ಘಟಕವೊಂದು, ತಾಮ್ರದ ಬೆಲೆ ಶೇ. 61.8ರ ಗೆರೆಗೆ ಇಳಿಯಲೆಂದು ತಂತಿಯ ಖರೀದಿಯನ್ನು ಮುಂದೂಡಿತೆನ್ನೋಣ. ಬೆಲೆ ಶೇ. 38.2ರಲ್ಲಿಯೇ ತಿರುಗಿ ಮೇಲೇರಿದರೆ, ಷೇರು ವಹಿವಾಟುದಾರನಿಗೆ ತಪ್ಪಿಹೋಗುವುದು ಒಂದು ಅವಕಾಶ ಮಾತ್ರ. ಈ ಘಟಕಕ್ಕೆ ತಪ್ಪಿಹೋಗುವುದು ಆ ಆದೇಶದ ಇಡೀ ಲಾಭ. ದರ ಒಪ್ಪಿಕೊಂಡ ದಿನವೇ ಅಗತ್ಯವಿರುವ ಲೋಹದ ಬಹುಭಾಗವನ್ನು ಕೊಳ್ಳುವುದು ಅಥವಾ ವಾಯಿದಾ ಪೇಟೆಯಲ್ಲಿ ಬೆಲೆಯನ್ನು ಭದ್ರಪಡಿಸಿಕೊಳ್ಳುವುದು, ಉಳಿದ ಸಣ್ಣ ಭಾಗಕ್ಕೆ ಮಾತ್ರ ಇಂಥ ಗೆರೆಗಳನ್ನು ನೋಡುವುದು ಕ್ಷೇಮ.