ಕಡೆಗೋಲಿನ ದಪ್ಪ, ಕೈಯ ಎಳೆತ

ಕಡೆಗೋಲನ್ನು ಕೈಗೆತ್ತಿಕೊಂಡವರ ಕಣ್ಣು ಮೊದಲು ಹೋಗುವುದು ಅದರ ತಲೆಯ ಕಡೆಗೆ, ಮೊಸರಿನೊಳಗೆ ಮುಳುಗುವ, ಎಸಳೆಸಳಾಗಿ ಸೀಳಿ ಕೆತ್ತಿದ ತುದಿಯ ಕಡೆಗೆ. ಆದರೆ ಕಡೆಯುವವರ ರಟ್ಟೆ ಎಷ್ಟು ನೋಯುತ್ತದೆ, ಬೆಣ್ಣೆ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಯಾರೂ ಅಷ್ಟಾಗಿ ಗಮನಿಸದ ಇನ್ನೊಂದು ಜಾಗ: ದಂಡದ ನಡುವೆ, ಹಗ್ಗ ಉಜ್ಜಿ ಉಜ್ಜಿ ನುಣುಪಾದ ಗೇಣುದ್ದದ ಭಾಗ. ಅದರ ದಪ್ಪವೇ ಈ ಉಪಕರಣದ ಗೇರು.

ಒಂದು ಸಾಮಾನ್ಯ ಅಳತೆಯ ಕಡೆಗೋಲನ್ನೇ ತೆಗೆದುಕೊಳ್ಳೋಣ. ದಂಡದ ದಪ್ಪ 3 ಸೆಂಟಿಮೀಟರ್, ತಲೆಯ ಅಗಲ 12 ಸೆಂಟಿಮೀಟರ್. ದಂಡಕ್ಕೆ ಹಗ್ಗ ಒಂದು ಸುತ್ತು ಬರಲು ಸುಮಾರು ಒಂಬತ್ತೂವರೆ ಸೆಂಟಿಮೀಟರ್ ಬೇಕು. ಕೈ ಒಮ್ಮೆ 60 ಸೆಂಟಿಮೀಟರ್ ಎಳೆದರೆ ಕಡೆಗೋಲು ಆರು ಸುತ್ತಿಗಿಂತ ತುಸು ಹೆಚ್ಚೇ ತಿರುಗುತ್ತದೆ. ಸೆಕೆಂಡಿಗೊಂದು ಎಳೆತ ಎಂದಿಟ್ಟುಕೊಂಡರೆ ನಿಮಿಷಕ್ಕೆ ಹೆಚ್ಚುಕಡಿಮೆ 380 ಸುತ್ತು. ಹಗ್ಗ ಸೆಕೆಂಡಿಗೆ 60 ಸೆಂಟಿಮೀಟರ್ ಓಡುವಾಗ ತಲೆಯ ಅಂಚು ಅದರ ನಾಲ್ಕು ಪಟ್ಟು, ಅಂದರೆ ಸೆಕೆಂಡಿಗೆ ಎರಡೂಕಾಲು ಮೀಟರ್‌ಗೂ ಮೀರಿ ಓಡುತ್ತದೆ. ನಾಲ್ಕು ಪಟ್ಟು ಏಕೆಂದರೆ ತಲೆಯ ಅಗಲ ದಂಡದ ದಪ್ಪದ ನಾಲ್ಕು ಪಟ್ಟು; ಅದಕ್ಕಿಂತ ಬೇರೆ ಗುಟ್ಟೇನಿಲ್ಲ.

ವೇಗ ಪುಕ್ಕಟೆಯಾಗಿ ಸಿಗುವುದಿಲ್ಲ. ಹಗ್ಗವನ್ನು ನಾಲ್ಕು ಕಿಲೋ ತೂಕದಷ್ಟು ಬಲದಿಂದ ಎಳೆದರೆ ಆ ಬಲ ದಂಡದ ನಡುವಿನಿಂದ ಕೇವಲ ಒಂದೂವರೆ ಸೆಂಟಿಮೀಟರ್ ದೂರದಲ್ಲಿ ಕೆಲಸ ಮಾಡುತ್ತದೆ. ಬಲ ಮತ್ತು ಈ ದೂರದ ಗುಣಲಬ್ಧವೇ ತಿರುಗಿಸುವ ಬಲ, ಎಂಜಿನಿಯರುಗಳು ಟಾರ್ಕ್ ಎನ್ನುವುದು ಇದನ್ನೇ. ನಡುವಿನಿಂದ ಆರು ಸೆಂಟಿಮೀಟರ್ ಆಚೆಗಿರುವ ಅಂಚನ್ನು ಮುಟ್ಟುವ ಹೊತ್ತಿಗೆ ನಾಲ್ಕು ಕಿಲೋದ ಎಳೆತ ಒಂದು ಕಿಲೋಗೆ ಇಳಿದಿರುತ್ತದೆ. ವೇಗ ನಾಲ್ಕು ಪಟ್ಟು ಏರಿತು, ಬಲ ನಾಲ್ಕನೇ ಒಂದಕ್ಕೆ ಇಳಿಯಿತು.

ಹಾಗಾದರೆ ದಂಡವನ್ನು ಇನ್ನಷ್ಟು ಸಣ್ಣಗೆ ಕೆತ್ತಿದರೆ ಬೆಣ್ಣೆ ಬೇಗ ಬರಬೇಕಲ್ಲ? ಇಲ್ಲಿ ಮಜ್ಜಿಗೆಯೇ ಅಡ್ಡ ನಿಲ್ಲುತ್ತದೆ. ರಭಸದಿಂದ ಕಲಕಿದ ದ್ರವ ಒಡ್ಡುವ ತಡೆ ವೇಗದ ಜೊತೆ ಸಮಸಮನಾಗಿ ಏರುವುದಿಲ್ಲ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ದಂಡ ಒಂದೂವರೆ ಸೆಂಟಿಮೀಟರಿಗೆ ಇಳಿದು, ಕೈಯ ಎಳೆತ ಅದೇ ವೇಗದಲ್ಲಿ ಸಾಗಬೇಕಾದರೆ ಕಡೆಗೋಲು ಎರಡು ಪಟ್ಟು ವೇಗವಾಗಿ ತಿರುಗಬೇಕು, ಅದಕ್ಕೆ ನಾಲ್ಕು ಪಟ್ಟು ತಿರುಗಿಸುವ ಬಲ ಬೇಕು. ಆದರೆ ಹಗ್ಗಕ್ಕೆ ಸಿಗುವ ದೂರ ಅರ್ಧಕ್ಕೆ ಇಳಿದಿದೆ. ಹೀಗಾಗಿ ಎಳೆತ ಎಂಟು ಪಟ್ಟಾಗಬೇಕು. ನಾಲ್ಕು ಕಿಲೋ ಇದ್ದದ್ದು ಮೂವತ್ತೆರಡು ಕಿಲೋ! ಯಾವ ರಟ್ಟೆಯೂ ಅದನ್ನು ಅರ್ಧ ಗಂಟೆ ತಾಳುವುದಿಲ್ಲ. ತಲೆಯನ್ನು ದೊಡ್ಡದು ಮಾಡಿದರೂ ಇದೇ ಪಾಡು: ಅದೇ ವೇಗದಲ್ಲಿ 12ರ ಬದಲು 15 ಸೆಂಟಿಮೀಟರ್ ತಲೆ ತಿರುಗಿಸಲು ಸರಿಸುಮಾರು ಮೂರು ಪಟ್ಟು ಬಲ ಬೇಕು. ದೊಡ್ಡ ಗಡಿಗೆಯ ಕಡೆಗೋಲಿಗೆ ದಂಡವೂ ದಪ್ಪ ಇರಬೇಕಾದದ್ದು ಇದಕ್ಕಾಗಿ. ಚಿಕ್ಕ ದಂಡಕ್ಕೆ ದೊಡ್ಡ ತಲೆ ಜೋಡಿಸಿದ, ನೋಡಲು ಮಾತ್ರ ಚೆಂದದ ಕಡೆಗೋಲುಗಳನ್ನು ಕೊಳ್ಳುವ ಮೊದಲು ಈ ಲೆಕ್ಕವನ್ನು ನೆನೆಯುವುದು ಒಳ್ಳೆಯದು.

ಇನ್ನು ಹಗ್ಗ. ದಂಡಕ್ಕೆ ಎರಡು ಮೂರು ಸುತ್ತು ಹಾಕಿ, ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ. ಹಗ್ಗಕ್ಕೂ ಮರಕ್ಕೂ ಗಂಟಿಲ್ಲ, ಘರ್ಷಣೆಯೊಂದೇ ಆಸರೆ. ಈ ಘರ್ಷಣೆ ಸುತ್ತಿನಿಂದ ಸುತ್ತಿಗೆ ಗುಣಿಸುತ್ತಾ ಹೋಗುತ್ತದೆ. ಒಣಗಿದ ಒರಟು ಹಗ್ಗದ ಒಂದೇ ಸುತ್ತು ಹಿಂಗೈಯ ಹಿಡಿತವನ್ನು ಆರೇಳು ಪಟ್ಟು ಹಿಗ್ಗಿಸಬಲ್ಲದು, ಎರಡು ಸುತ್ತು ನಲವತ್ತು ಪಟ್ಟಿಗೂ ಮೀರಿ. ಆದರೆ ಜಿಡ್ಡು ಹತ್ತಿದ ಹಗ್ಗದ ಮೂರು ಸುತ್ತು ಸೇರಿದರೂ ಒಣ ಹಗ್ಗದ ಒಂದು ಸುತ್ತಿಗೆ ಸಮವಾದೀತು, ಅಷ್ಟೆ. ಹಗ್ಗ ಸರ್ರನೆ ಜಾರಿ ಕಡೆಗೋಲು ನಿಂತಲ್ಲೇ ನಿಂತರೆ ಸುತ್ತು ಹೆಚ್ಚಿಸುವುದಕ್ಕಿಂತ ಹಗ್ಗವನ್ನು ತೊಳೆದು ಒಣಗಿಸುವುದು ಮೇಲು. ಸುತ್ತು ಹೆಚ್ಚಾದರೆ ಒಂದರ ಮೇಲೊಂದು ಹತ್ತಿ ಸಿಕ್ಕಿಕೊಳ್ಳುತ್ತದೆ.

ಹೊಸದಾಗಿ ಕಲಿಯುವವರು ಮಾಡುವ ತಪ್ಪು ಬೇರೆ. ಅವರು ಎರಡು ಕೈಯನ್ನೂ ಬಿಗಿಯುತ್ತಾರೆ. "ಆ ಕೈ ಸಡಿಲ ಬಿಡು ಮಗಾ, ಹಗ್ಗ ಮಾತ್ರ ಬಿಡಬೇಡ" ಎಂದು ಅಜ್ಜಿಯರು ಹೇಳುವುದು ನೂರಕ್ಕೆ ನೂರು ಸರಿಯಾದ ಭೌತಶಾಸ್ತ್ರ. ದಂಡವನ್ನು ತಿರುಗಿಸುವುದು ಎರಡು ಕೈಗಳ ಎಳೆತದ ವ್ಯತ್ಯಾಸ. ಮುಂದಿನ ಕೈ ಐದು ಕಿಲೋ ಎಳೆದು ಹಿಂದಿನದು ಒಂದು ಕಿಲೋ ತಡೆದರೆ ಉಳಿಯುವುದು ನಾಲ್ಕು. ಹಿಂದಿನದು ಮೂರು ತಡೆದರೆ ಉಳಿಯುವುದು ಎರಡೇ. ಜೊತೆಗೆ ಎರಡೂ ಎಳೆತ ಸೇರಿ ದಂಡವನ್ನು ಕಡೆಯುವವರತ್ತ ವಾಲಿಸುತ್ತವೆ. ಆ ಸೆಳೆತವನ್ನು ತಾಳಲೆಂದೇ ಕಡೆಗೋಲನ್ನು ಕಂಬಕ್ಕೆ ಮೇಲೊಂದು ಕೆಳಗೊಂದು ಕುಣಿಕೆಯಿಂದ ಸಿಕ್ಕಿಸುವುದು, ಎಳೆಯುವ ಹಗ್ಗ ಈ ಎರಡು ಕುಣಿಕೆಗಳ ನಡುವೆ ಇರುವಂತೆ ನೋಡಿಕೊಳ್ಳುವುದು. ಅದು ಕೆಳಗಿನ ಕುಣಿಕೆಗಿಂತ ಕೆಳಗೆ ಜಾರಿದರೆ ತಲೆ ಅತ್ತಿತ್ತ ಹೊಯ್ದಾಡಿ ಗಡಿಗೆಯ ಮೈಗೆ ಬಡಿಯುತ್ತದೆ.

ಒಂದೇ ದಿಕ್ಕಿಗೆ ತಿರುಗಿಸಿದರೆ ಸಾಲದೇ ಎಂದು ಕೇಳಬಹುದು. ಹಾಗೆ ತಿರುಗಿಸಿದಾಗ ಮಜ್ಜಿಗೆಯೂ ಕಡೆಗೋಲಿನ ಜೊತೆಗೇ ಸುತ್ತತೊಡಗುತ್ತದೆ, ನಡುವೆ ಸುಳಿ ಏಳುತ್ತದೆ, ಎಸಳಿಗೂ ಮಜ್ಜಿಗೆಗೂ ಇರುವ ವೇಗದ ವ್ಯತ್ಯಾಸ ಕುಗ್ಗುತ್ತದೆ. ಬೆಣ್ಣೆ ಬರಿಸುವುದು ಆ ವ್ಯತ್ಯಾಸವೇ. ಮಿಲಿಮೀಟರಿನ ಸಾವಿರದ ಕೆಲವೇ ಭಾಗದಷ್ಟಿರುವ ಜಿಡ್ಡಿನ ಕಣಗಳ ಸುತ್ತ ತೆಳುವಾದ ಪೊರೆಯಿದೆ. ಪೊರೆ ಹರಿದು, ಕಣಗಳು ಒಂದಕ್ಕೊಂದು ತಾಗಿ ಅಂಟಬೇಕು. ಹಗ್ಗ ಹಿಂದಿರುಗಿದಾಗ ಎಸಳು ಎದುರಿನಿಂದ ಬರುವ ಹರಿವಿಗೇ ಮುಖ ಕೊಡುತ್ತದೆ. ಪ್ರತಿ ಎಳೆತದ ಆರಂಭದಲ್ಲಿ ಕೈಗೆ ತಟ್ಟುವ ಭಾರ ಅದೇ. ಎಳೆತ ತುಂಡುತುಂಡಾಗಿ ಗಿಡ್ಡವಾದರೆ ಈ ಭಾರವೇ ಹೆಚ್ಚಾಗಿ ಕಡೆಗೋಲು ವೇಗ ಪಡೆಯುವ ಮೊದಲೇ ನಿಂತುಬಿಡುತ್ತದೆ. ಉದ್ದನೆಯ ಎಳೆತವೇ ವಾಸಿ.

ಮೊದಲ ಕೆಲವು ಎಳೆತ ಮಾತ್ರ ಇದಕ್ಕೆ ಹೊರತು. ಗಟ್ಟಿಯಾಗಿ ಹೆಪ್ಪುಗಟ್ಟಿದ ಮೊಸರು ಒಡೆಯುವವರೆಗೆ ಬೇಕಾದದ್ದು ಬಲ, ವೇಗವಲ್ಲ. ಆಗ ನಿಧಾನವಾಗಿ, ಗಿಡ್ಡದಾಗಿ ಎಳೆಯಬೇಕು. ಒಡೆದ ಮೇಲೆ ನೀರು ಬೆರೆಸಿ ವೇಗ ಹೆಚ್ಚಿಸುವುದು. ನೊರೆ ಏರುತ್ತದೆ. ಕೊನೆಗೆ ನೊರೆ ಕುಸಿದು, ಸದ್ದು ಬದಲಾಗಿ, ಎಸಳಿಗೆ ಸಾಸಿವೆಯಷ್ಟು ಬೆಣ್ಣೆಕಾಳು ಕಾಣಿಸಿಕೊಂಡಾಗ ವೇಗವನ್ನು ತಗ್ಗಿಸಿ, ತಣ್ಣೀರು ಹೊಯ್ದು, ಕಾಳುಗಳು ಒಟ್ಟುಗೂಡುವಂತೆ ಮೆಲ್ಲನೆ ಎಳೆಯಬೇಕು. ಆಗಲೂ ರಭಸ ಬಿಡದಿದ್ದರೆ ಕೂಡಿದ ಬೆಣ್ಣೆ ಮತ್ತೆ ಚದುರಿ ಮಜ್ಜಿಗೆಯಲ್ಲೇ ಉಳಿಯುತ್ತದೆ.

ಎಷ್ಟು ಎಳೆದರೂ ಬೆಣ್ಣೆ ಬಾರದಿದ್ದರೆ ದೋಷ ಹಗ್ಗದಲ್ಲಿರದೆ ಬಿಸಿಯಲ್ಲಿರಬಹುದು. ಚಳಿಯಲ್ಲಿ ಜಿಡ್ಡಿನ ಕಣ ಗಟ್ಟಿಯಾಗಿ ಒಂದಕ್ಕೊಂದು ಅಂಟುವುದಿಲ್ಲ, ನೊರೆ ನಿಂತೇ ಇರುತ್ತದೆ. ಉಗುರುಬೆಚ್ಚಗಿನ ನೀರು ಒಂದಿಷ್ಟು ಹೊಯ್ದರೆ ದಾರಿಗೆ ಬರುತ್ತದೆ. ಬೇಸಿಗೆಯ ನಡುಹಗಲಲ್ಲಿ ಜಿಡ್ಡು ಅತಿಯಾಗಿ ಕರಗಿ ಬೆಣ್ಣೆ ಲೋಳೆಯಂತೆ ಎಸಳಿಗೆ ಮೆತ್ತಿಕೊಳ್ಳುತ್ತದೆ, ಉಂಡೆ ಕಟ್ಟಲು ಬಾರದು. ಹೊತ್ತು ಏರುವ ಮೊದಲೇ ಕಡೆದು ಮುಗಿಸುವುದು ಅದಕ್ಕೇ. ಅಂಥ ದಿನ ಇಡೀ ಗಡಿಗೆಯನ್ನು ಸ್ವಲ್ಪ ಹೊತ್ತು ತಣ್ಣೀರಿನಲ್ಲಿಟ್ಟು, ಆಮೇಲೆ ಹಗ್ಗ ಹಿಡಿಯಬೇಕು.