ಶೇ. 50 ಎಂದರೂ ಸಿಗುವುದು ನೂರೇ ರೂಪಾಯಿ

ದಿನಸಿ ತರಿಸುವ ಆ್ಯಪ್ ಒಂದರಿಂದ ಇಂಥದ್ದೊಂದು ಮೆಸೇಜ್ ಬಂತು ಎಂದಿಟ್ಟುಕೊಳ್ಳಿ: "ಅಭಿನಂದನೆಗಳು! ನಿಮಗಾಗಿ ಶೇ. 50 ರಿಯಾಯಿತಿ! ಗೆಳೆಯರನ್ನು ಸೇರಿಸಿ, ₹1000 ಗಳಿಸಿ! 3 ದಿನ ಮಾತ್ರ! ಷರತ್ತುಗಳು ಅನ್ವಯ." ಕೊನೆಯಲ್ಲೊಂದು ಲಿಂಕ್. ಒತ್ತಿದರೆ ಮಾರುದ್ದದ ಇಂಗ್ಲಿಷ್ ಪುಟ. ರಿಯಾಯಿತಿ ಮೊದಲ ಆರ್ಡರ್‌ಗೆ ಮಾತ್ರ, ಬಿಲ್ ಕನಿಷ್ಠ ₹499 ಇರಬೇಕು, ಕಡಿತ ₹100 ದಾಟುವುದಿಲ್ಲ ಎಂಬ ಮೂರು ಮಾತು ಅದರೊಳಗೆ ಎಲ್ಲೋ ಸಿಗುತ್ತವೆ.

ಇಂಥ ಮೆಸೇಜನ್ನು ಕಳಿಸುವ ಮುನ್ನ ಪರಿಶೀಲಿಸಲು ಕೂತವರು ಭಾಷೆಗೆ ಕೈಹಾಕುವ ಮೊದಲು ಲೆಕ್ಕ ಹಾಕಬೇಕು. ಕಡಿತದ ಮಿತಿ ₹100 ಎಂದರೆ ₹200ರ ಬಿಲ್ಲಿನವರೆಗೆ ಮಾತ್ರ ಶೇ. 50 ನಿಜ. ಆದರೆ ₹499ಕ್ಕಿಂತ ಕಡಿಮೆ ಬಿಲ್ಲಿಗೆ ಕೂಪನ್ನೇ ನಡೆಯುವುದಿಲ್ಲ. ₹499ಕ್ಕೆ ₹100 ಎಂದರೆ ಹೆಚ್ಚುಕಡಿಮೆ ಶೇ. 20, ₹800ಕ್ಕೆ ಶೇ. 12.5. ಅಂದರೆ ಅರ್ಧ ಬೆಲೆಗೆ ಸಾಮಾನು ಕೊಳ್ಳುವ ಗ್ರಾಹಕ ಈ ಯೋಜನೆಯಲ್ಲಿ ಒಬ್ಬನೂ ಇರಲು ಸಾಧ್ಯವಿಲ್ಲ. ಇದು ಶುದ್ಧ ₹100ರ ಕೂಪನ್; ಶೇಕಡಾವಾರು ಬರೀ ಅಲಂಕಾರ. ಪರಿಶೀಲಕರ ಮೊದಲ ಗೆರೆ ಬೀಳಬೇಕಾದದ್ದು ಅದರ ಮೇಲೆ.

ಎರಡನೆಯದು, ಯಾರಿಗೆ ಎಂಬ ಪ್ರಶ್ನೆ. ರಿಯಾಯಿತಿ ಹೊಸಬರಿಗೆ. ಗೆಳೆಯರನ್ನು ಸೇರಿಸಿದ್ದಕ್ಕೆ ಬಹುಮಾನ ಸಿಗುವುದು ಈಗಾಗಲೇ ಒಮ್ಮೆ ಕೊಂಡವರಿಗೆ. ಹಾಗಾದರೆ ಒಂದೇ ಮೆಸೇಜಿನಲ್ಲಿ ಎರಡನ್ನೂ ತುರುಕಿ ಎಲ್ಲರಿಗೂ ಕಳಿಸಿದಾಗ, ಓದಿದ ಪ್ರತಿಯೊಬ್ಬರಿಗೂ ಅದರಲ್ಲೊಂದು ಅರ್ಧ ಸುಳ್ಳೇ. ಇದಕ್ಕೆ ಪದ ಬದಲಿಸುವುದು ಮದ್ದಲ್ಲ. ಪಟ್ಟಿಯನ್ನೇ ಎರಡಾಗಿಸಿ ಬೇರೆ ಬೇರೆ ಮೆಸೇಜ್ ಕಳಿಸಬೇಕು. 'ಹೊಸಬರು' ಎಂದರೆ ಯಾರು ಎನ್ನುವುದೂ ಬಿಡಿಸಿ ಹೇಳಬೇಕಾದ ಮಾತು. ಹೊಸ ಫೋನ್ ನಂಬರ್ ಸಾಕೋ, ವಿಳಾಸವೂ ಹೊಸದಿರಬೇಕೋ? ಅತ್ತೆ ಹಿಂದೊಮ್ಮೆ ಅದೇ ಮನೆಗೆ ಅಕ್ಕಿ ತರಿಸಿದ್ದರೆ ಸೊಸೆಯ ಕೂಪನ್ ತಿರಸ್ಕೃತವಾಗುವುದು ಹಣ ಕಟ್ಟುವ ಹೊತ್ತಿಗೆ, ಬುಟ್ಟಿ ತುಂಬಿಸಿಯಾದ ಮೇಲೆ.

₹1000ದ ಕಥೆ ಇನ್ನೂ ಸೊಗಸು. ಷರತ್ತಿನ ಪುಟದ ಪ್ರಕಾರ ಒಬ್ಬ ಗೆಳೆಯನಿಗೆ ₹100, ಹೆಚ್ಚೆಂದರೆ ಹತ್ತು ಮಂದಿ. ಗೆಳೆಯ ಆ್ಯಪ್ ಹಾಕಿಕೊಂಡರೆ ಸಾಲದು. ₹499ರ ಆರ್ಡರ್ ತಲುಪಿ, ಹಿಂದಿರುಗಿಸುವ 7 ದಿನದ ಗಡುವು ಮುಗಿಯಬೇಕು. ಆಮೇಲೆ ಬರುವುದೂ ನಗದಲ್ಲ, ಆ್ಯಪಿನೊಳಗಿನ ಕ್ರೆಡಿಟ್. ಅದರ ಆಯಸ್ಸು 30 ದಿನ, ಒಂದು ಆರ್ಡರ್‌ಗೆ ಬಳಸಬಹುದಾದದ್ದು ₹50. ಹತ್ತೂ ಜನರ ಕ್ರೆಡಿಟ್ ಒಟ್ಟಿಗೆ ಬಂದರೆ, ಅದನ್ನು ಮುಗಿಸಲು ತಿಂಗಳಲ್ಲಿ ಇಪ್ಪತ್ತು ಸಲ ಸಾಮಾನು ತರಿಸಬೇಕು! ಹೀಗಿರುವಾಗ 'ಗಳಿಸಿ' ಎನ್ನುವ ಕ್ರಿಯಾಪದಕ್ಕೆ ಅಲ್ಲಿ ಜಾಗವಿಲ್ಲ.

ಗಡುವಿನ ವಿಷಯಕ್ಕೆ ಬಂದರೆ, '3 ದಿನ' ಯಾವತ್ತಿನಿಂದ? ಮೆಸೇಜ್ ಕಳಿಸಿದ ದಿನದಿಂದಲೋ, ಓದಿದ ದಿನದಿಂದಲೋ? '15ರ ರಾತ್ರಿ 12ರವರೆಗೆ' ಎಂದರೂ ಗೊಂದಲವೇ. ಕೆಲವರಿಗೆ ಅದು 14 ಮುಗಿಯುವ ಹೊತ್ತು, ಕೆಲವರಿಗೆ 15 ಮುಗಿಯುವ ಹೊತ್ತು. 11:59 ಎಂದು ಬರೆದರೆ ಜಗಳವಿಲ್ಲ. ಇನ್ನು 16ರಂದು ಅದೇ ಕೊಡುಗೆ ಮತ್ತೆ '3 ದಿನ ಮಾತ್ರ' ಎಂದು ಬಂದರೆ ಅದು ಸುಳ್ಳು ಅವಸರ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಇಂಥ ಅವಸರಕ್ಕೆ ನಿಷೇಧವಿದೆ. ಅದೇ ಪ್ರಾಧಿಕಾರದ 2022ರ ಜಾಹೀರಾತು ಮಾರ್ಗಸೂಚಿ, ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತಿನ ಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು ಎನ್ನುತ್ತದೆ. ಕನ್ನಡದಲ್ಲಿ ಕರೆದು ಇಂಗ್ಲಿಷಿನಲ್ಲಿ ಷರತ್ತು ಹೇಳುವಂತಿಲ್ಲ.

"ಮೊದಲ ಸಾಲಲ್ಲೇ ಷರತ್ತು ಹಾಕಿದರೆ ಯಾರು ಸರ್ ಓದ್ತಾರೆ? ಜಾಗ ಎಲ್ಲಿದೆ?" ಎಂಬ ತಕರಾರು ಮಾರ್ಕೆಟಿಂಗ್ ಕಡೆಯಿಂದ ಬಂದೇ ಬರುತ್ತದೆ. ಜಾಗದ ಮಾತು ನಿಜ. ಇಂಗ್ಲಿಷ್ ಎಸ್‌ಎಂಎಸ್‌ಗೆ 160 ಅಕ್ಷರ ಸಿಕ್ಕರೆ ಕನ್ನಡಕ್ಕೆ ಸಿಗುವುದು 70. ಒತ್ತು, ಗುಣಿತ ಎಲ್ಲವೂ ಪ್ರತ್ಯೇಕ ಲೆಕ್ಕ. 'ಕ್ಕೆ' ಒಂದೇ ನಾಲ್ಕನ್ನು ನುಂಗುತ್ತದೆ. ಆದರೆ 'ಅಭಿನಂದನೆಗಳು!' ಕೂಡ ಹನ್ನೆರಡನ್ನು ತಿನ್ನುತ್ತದಲ್ಲ? ಅದನ್ನು ಕಿತ್ತರೆ 'ಮೊದಲ ಆರ್ಡರ್' ಎಂಬುದಕ್ಕೆ ಜಾಗವಾಯಿತು. ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸದಿದ್ದರೆ ಎರಡರ ಖರ್ಚು ಹೊರಲಿ.

ತಿದ್ದಿದ ಮೇಲೆ ಹೊಸಬರ ಮೆಸೇಜ್ ಹೀಗಿರಬಹುದು: "ಈ ನಂಬರ್‌ನಿಂದ, ಈ ಮನೆಗೆ ಮೊದಲ ಆರ್ಡರ್ ಆದರೆ ಮಾತ್ರ. ಬಿಲ್ ₹499 ಅಥವಾ ಹೆಚ್ಚು. ನ. 15ರ ರಾತ್ರಿ 11:59ರವರೆಗೆ. ನಿಮಗೆ ₹100 ಕಡಿತ! ಕೋಡ್ HOSA100." ಹಳಬರದು: "ನಿಮ್ಮ ಕೋಡ್ ಬಳಸಿ ಹೊಸಬರು ₹499ರ ಮೊದಲ ಆರ್ಡರ್ ಪಡೆದು 7 ದಿನವಾದ ಮೇಲೆ ನಿಮಗೆ ₹100 ಕ್ರೆಡಿಟ್. ಹತ್ತು ಜನರವರೆಗೆ. ಆರ್ಡರ್‌ಗೆ ₹50ರಂತೆ 30 ದಿನದೊಳಗೆ ಬಳಸಬೇಕು." ಮೊದಲನೆಯದರಲ್ಲಿ ಉದ್ಗಾರ ಚಿಹ್ನೆ ಒಂದು ಉಳಿದಿದೆ, ₹100ರ ಪಕ್ಕದಲ್ಲಿ. ಅಷ್ಟಕ್ಕೆ ಅಡ್ಡಿಯಿಲ್ಲ.