ಅಂಗಡಿಗೆ ಎಷ್ಟು ಕೆವಿಎ ಜನರೇಟರ್ ಬೇಕು?

ಅಂಗಡಿಗೆ ಬೇಕಾದ ಜನರೇಟರಿನ ಗಾತ್ರವನ್ನು ಹೆಚ್ಚಾಗಿ ಅಲ್ಲಿರುವ ಅತಿ ದೊಡ್ಡ ಮೋಟಾರೇ ತೀರ್ಮಾನಿಸುತ್ತದೆ. ದೀಪ, ಫ್ಯಾನು, ಬಿಲ್ಲಿಂಗ್ ಕಂಪ್ಯೂಟರ್ ಎಲ್ಲವೂ ಸೇರಿ ಎಳೆಯುವುದಕ್ಕಿಂತ ಹೆಚ್ಚು ಕರೆಂಟನ್ನು ಒಂದು ಡೀಪ್ ಫ್ರೀಜರಿನ ಕಂಪ್ರೆಸರ್ ಚಾಲೂ ಆಗುವ ಆ ಅರೆಕ್ಷಣದಲ್ಲಿ ಎಳೆಯಬಲ್ಲದು. ಆ ಅರೆಕ್ಷಣವನ್ನು ಲೆಕ್ಕಕ್ಕೆ ಹಿಡಿಯದೆ, ಬರೀ ವ್ಯಾಟುಗಳನ್ನು ಕೂಡಿ ತಂದ ಜನರೇಟರ್ ಎಲ್ಲ ದೀಪಗಳನ್ನೂ ಚೆನ್ನಾಗಿಯೇ ಉರಿಸುತ್ತದೆ. ಫ್ರೀಜರ್ ಚಾಲೂ ಆಗುವ ಹೊತ್ತಿಗೆ ಮಾತ್ರ ಉಸಿರುಗಟ್ಟಿ ನಿಲ್ಲುತ್ತದೆ.

ಕಾರಣ ಮೋಟಾರಿನ ಒಳಗಿದೆ. ಅಂಗಡಿಗಳಲ್ಲಿ ಬಳಸುವ ಬಹುತೇಕ ಮೋಟಾರುಗಳು ಇಂಡಕ್ಷನ್ ಮೋಟಾರುಗಳು. ಸ್ವಿಚ್ ಒತ್ತಿದ ಕೂಡಲೇ ಹೊರಗಿನ ಸುರುಳಿಯಲ್ಲಿ ಹುಟ್ಟುವ ಕಾಂತಕ್ಷೇತ್ರ ಪೂರ್ತಿ ವೇಗದಲ್ಲಿ ತಿರುಗತೊಡಗುತ್ತದೆ, ಆದರೆ ಒಳಗಿನ ರೋಟರ್ ಇನ್ನೂ ನಿಂತಲ್ಲೇ ಇರುತ್ತದೆ. ಈ ಎರಡರ ವೇಗದ ಅಂತರ ಹೆಚ್ಚಿದಷ್ಟೂ ಮೋಟಾರು ಎಳೆಯುವ ಕರೆಂಟು ಹೆಚ್ಚು. ರೋಟರ್ ವೇಗ ಹಿಡಿದಂತೆಲ್ಲ ಅಂತರ ಕುಗ್ಗಿ ಕರೆಂಟು ಮಾಮೂಲಿಗೆ ಇಳಿಯುತ್ತದೆ. ಹೀಗೆ ನಿಂತ ಸ್ಥಿತಿಯಿಂದ ಏಳುವಾಗ ಮೋಟಾರು ಓಡುವಾಗಿನ ಕರೆಂಟಿನ ಸುಮಾರು ಐದರಿಂದ ಏಳು ಪಟ್ಟು ಎಳೆಯುವುದು ಸಾಮಾನ್ಯ. ಸಣ್ಣ ಕಂಪ್ರೆಸರ್‌ನಲ್ಲಿ ಇದು ಒಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಹಿಟ್ಟು ತುಂಬಿದ ಮಿಕ್ಸರಿನಂಥ ಭಾರದ ಯಂತ್ರದಲ್ಲಿ ಒಂದೆರಡು ಸೆಕೆಂಡು ಹಿಡಿಯಬಹುದು.

ಬೀದಿಯ ಟ್ರಾನ್ಸ್‌ಫಾರ್ಮರಿಗೆ ಇದು ಲೆಕ್ಕಕ್ಕೇ ಬಾರದ ಹೊರೆ. ಅದರ ಸಾಮರ್ಥ್ಯ 100 ಕೆವಿಎ, 250 ಕೆವಿಎ ಇರುತ್ತದೆ. ಮೂರು ಕೆವಿಎ ಜನರೇಟರಿಗೆ ಅದೇ ಹೊರೆ ತಾಳಲಾರದಷ್ಟು. ಅದರ ವೋಲ್ಟೇಜು ಕುಸಿಯುತ್ತದೆ, ತೊಂದರೆ ಅಲ್ಲಿಂದಲೇ ಬೆಳೆಯುತ್ತದೆ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ವೋಲ್ಟೇಜು ಶೇ 70ಕ್ಕೆ ಬಿದ್ದರೆ ತಿರುಗುಬಲ ಅರ್ಧಕ್ಕೆ ಬೀಳುತ್ತದೆ. ಅರ್ಧ ಬಲದಲ್ಲಿ ಕಂಪ್ರೆಸರ್ ಏಳದಿದ್ದರೆ ರೋಟರ್ ನಿಂತೇ ಇರುತ್ತದೆ, ರೋಟರ್ ನಿಂತಿರುವವರೆಗೂ ಆ ಹೆಚ್ಚಿನ ಕರೆಂಟು ಹರಿಯುತ್ತಲೇ ಇರುತ್ತದೆ. ಗುಂಯ್ ಎಂಬ ಸದ್ದು, ಮಂಕಾದ ದೀಪ, ಜನರೇಟರ್ ಎಂಜಿನ್ನಿನ ಕುಗ್ಗಿದ ಸ್ವರ, ಕೆಲವು ಸೆಕೆಂಡುಗಳ ನಂತರ ಕಂಪ್ರೆಸರಿನ ಓವರ್‌ಲೋಡ್ ರಿಲೇ ಟಕ್ಕೆಂದು ಬಿಡುವ ಶಬ್ದ, ಕೆಲವು ನಿಮಿಷ ಬಿಟ್ಟು ಮತ್ತೆ ಅದೇ ಸರದಿ: ಜನರೇಟರ್ ಸಾಲದು ಎಂಬುದರ ಗುರುತು ಇದು. ಹೀಗೇ ನಡೆಯಲು ಬಿಟ್ಟರೆ ಕಂಪ್ರೆಸರಿನ ಸುರುಳಿ ಸುಡುತ್ತದೆ. ಆಗುವ ನಷ್ಟ ಜನರೇಟರಿನದಲ್ಲ, ಫ್ರೀಜರಿನದು.

ಲೆಕ್ಕಕ್ಕೆ ಕೂರುವ ಮುಂಚೆ ವ್ಯಾಟ್ ಮತ್ತು ಕೆವಿಎ ನಡುವಿನ ವ್ಯತ್ಯಾಸ ಗೊತ್ತಿರಬೇಕು. ವ್ಯಾಟ್ ಎಂದರೆ ನಿಜವಾಗಿ ಕೆಲಸಕ್ಕೆ ಬೀಳುವ ಶಕ್ತಿ. ಅದನ್ನು ಒದಗಿಸುವುದು ಎಂಜಿನ್. ಕೆವಿಎ ಎಂದರೆ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದ ಮೊತ್ತ. ಅದನ್ನು ಹೊರಬೇಕಾದದ್ದು ಆಲ್ಟರ್ನೇಟರಿನ ಸುರುಳಿ. ಮೋಟಾರುಗಳು ಎಳೆಯುವ ಕರೆಂಟಿನಲ್ಲಿ ಒಂದು ಭಾಗ ಕಾಂತಕ್ಷೇತ್ರವನ್ನು ಕಟ್ಟಲಷ್ಟೇ ಹೋಗುತ್ತದೆ. ಹಾಗಾಗಿ ಅವುಗಳ ವಿಎ ಯಾವಾಗಲೂ ವ್ಯಾಟಿಗಿಂತ ಹೆಚ್ಚು. ಚಾಲೂ ಆಗುವಾಗಂತೂ ಬಹಳ ಹೆಚ್ಚು. ಡೀಸೆಲ್ ಜನರೇಟರುಗಳ ಮೇಲೆ ಸಾಮಾನ್ಯವಾಗಿ 0.8 ಪವರ್ ಫ್ಯಾಕ್ಟರ್ ಎಂದು ಬರೆದಿರುತ್ತದೆ. ಅಂದರೆ 5 ಕೆವಿಎ ಜನರೇಟರ್ ಕೊಡುವುದು 4 ಕಿಲೋವ್ಯಾಟ್.

ಈಗ ಬೆಂಗಳೂರಿನ ಒಂದು ಬೇಕರಿಯ ಲೆಕ್ಕ ಹಾಕಬಹುದು. ಓವನ್ ಗ್ಯಾಸಿನದು, ಹಾಗಾಗಿ ಅದನ್ನು ಬಿಡಬಹುದು. ದೀಪಗಳು, ಮೂರು ಫ್ಯಾನುಗಳು, ಬಿಲ್ಲಿಂಗ್ ಕಂಪ್ಯೂಟರು ಮತ್ತು ಕ್ಯಾಮೆರಾಗಳು ಸೇರಿ 585 ವ್ಯಾಟ್, ಸುಮಾರು 650 ವಿಎ. ಡೀಪ್ ಫ್ರೀಜರ್ ಓಡುವಾಗ ಒಂದೂವರೆ ಆಂಪಿಯರ್ ಎಳೆಯುತ್ತದೆ. 230ರಿಂದ ಗುಣಿಸಿದರೆ 345 ವಿಎ, ವ್ಯಾಟಿನಲ್ಲಿ ಸುಮಾರು 270. ತಂಪು ಪಾನೀಯದ ಕೂಲರ್ 320 ವಿಎ, 250 ವ್ಯಾಟ್. ಕೇಕ್ ಇಡುವ ಗಾಜಿನ ಡಿಸ್‌ಪ್ಲೇ ಕೌಂಟರ್ 2 ಆಂಪಿಯರ್, ಅಂದರೆ 460 ವಿಎ, 350 ವ್ಯಾಟ್. ಕೊನೆಯದು ಒಂದು ಎಚ್‌ಪಿಯ ಸಿಂಗಲ್ ಫೇಸ್ ಹಿಟ್ಟಿನ ಮಿಕ್ಸರ್. ಒಂದು ಎಚ್‌ಪಿ ಎಂದರೆ 746 ವ್ಯಾಟ್ ಎಂದು ಹಲವರು ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ, ಆದರೆ ಅದು ಮೋಟಾರು ಶಾಫ್ಟಿನಲ್ಲಿ ಕೊಡುವ ಶಕ್ತಿ. ಒಳಗಿನ ನಷ್ಟವೂ ಸೇರಿ ಅದು ಲೈನಿನಿಂದ ಎಳೆಯುವುದು ಸುಮಾರು 1,100 ವ್ಯಾಟ್. ಆರೂವರೆ ಆಂಪಿಯರಿನ ಲೆಕ್ಕದಲ್ಲಿ 1,500 ವಿಎ.

ಎಲ್ಲವನ್ನೂ ಕೂಡಿದರೆ 2,555 ವ್ಯಾಟ್, ಸುಮಾರು 3,275 ವಿಎ. ವ್ಯಾಟ್ ಮಾತ್ರ ನೋಡಿದವರು 3 ಕೆವಿಎ ಸಾಕೆನ್ನುತ್ತಾರೆ. ಓಡುವ ಹೊರೆಗೇ ಅದು ಸಾಲದು.

ಇನ್ನು ಚಾಲೂ ಆಗುವಾಗಿನ ಕರೆಂಟು. ಕಂಪ್ರೆಸರಿನ ಮೈಮೇಲಿನ ತಗಡಿನಲ್ಲಿ ಎಲ್‌ಆರ್‌ಎ ಎಂಬ ಮೂರಕ್ಷರದ ಮುಂದೆ ಒಂದು ಅಂಕಿ ಇರುತ್ತದೆ. ರೋಟರ್ ತಿರುಗದೆ ನಿಂತಾಗ ಅದು ಎಳೆಯುವ ಕರೆಂಟು ಅದೇ. ಅಂಗಡಿಯವರು ನೋಡುವುದು ಫ್ರೀಜರಿನ ಬಾಗಿಲ ಬಳಿಯ ಸ್ಟಿಕ್ಕರನ್ನು. ನೋಡಬೇಕಾದ ತಗಡು ಹಿಂಬದಿಯ ಕೆಳಗೆ, ಕಪ್ಪು ಕಂಪ್ರೆಸರಿನ ಮೇಲೆ, ಧೂಳಿನಡಿ ಇರುತ್ತದೆ. ಅಂಕಿ ಸಿಗದಿದ್ದರೆ ಓಡುವ ಕರೆಂಟಿನ ಆರು ಪಟ್ಟು ಎಂದು ಹಿಡಿಯಬಹುದು. ಮಾಮೂಲಿ ಕ್ಲ್ಯಾಂಪ್ ಮೀಟರಿನಲ್ಲಿ ಇದನ್ನು ಅಳೆಯಲು ಹೋದರೆ ಮುಳ್ಳೋ ಅಂಕಿಯೋ ಮೇಲೇರುವಷ್ಟರಲ್ಲಿ ಆ ಕ್ಷಣ ಕಳೆದಿರುತ್ತದೆ. ಇನ್‌ರಶ್ ಅಳೆಯುವ ಸೌಲಭ್ಯವಿರುವ ಮೀಟರೇ ಬೇಕು.

ಈ ಬೇಕರಿಯ ಡಿಸ್‌ಪ್ಲೇ ಕೌಂಟರಿನದು 12 ಆಂಪಿಯರ್, ಅಂದರೆ 2,760 ವಿಎ. ಮಿಕ್ಸರಿನದು 30 ಆಂಪಿಯರ್, 6,900 ವಿಎ. ಲೆಕ್ಕದ ಕ್ರಮ ಸರಳ: ಒಂದು ಮೋಟಾರು ಚಾಲೂ ಆಗುತ್ತಿರುವಾಗ ಉಳಿದೆಲ್ಲವೂ ಓಡುತ್ತಿವೆ ಎಂದು ಹಿಡಿದು, ಅತಿ ದೊಡ್ಡ ಮೋಟಾರಿನ ಓಡುವ ವಿಎ ಜಾಗದಲ್ಲಿ ಅದರ ಚಾಲೂ ವಿಎ ಇಟ್ಟು ಕೂಡಬೇಕು. ಮಿಕ್ಸರ್ ಬಿಟ್ಟು ಉಳಿದದ್ದು 1,775, ಅದಕ್ಕೆ 6,900 ಸೇರಿದರೆ 8,675 ವಿಎ. ಈ ಲೆಕ್ಕಕ್ಕೆ ಸಿಗುವುದು 10 ಕೆವಿಎ ಜನರೇಟರ್.

ಆದರೆ ಅದನ್ನೇ ಕೊಂಡರೆ ಇನ್ನೊಂದು ಬಗೆಯ ತಪ್ಪಾಗುತ್ತದೆ. 10 ಕೆವಿಎ ಡೀಸೆಲ್ ಜನರೇಟರ್ 8 ಕಿಲೋವ್ಯಾಟ್ ಕೊಡಬಲ್ಲದು. ಮಿಕ್ಸರ್ ನಿಂತಿರುವಾಗ ಈ ಬೇಕರಿಯ ಹೊರೆ 1,455 ವ್ಯಾಟ್ ಮಾತ್ರ, ಶೇ 20ರೊಳಗೆ. ಡೀಸೆಲ್ ಎಂಜಿನ್ ಶೇ 30ಕ್ಕಿಂತ ಕಡಿಮೆ ಹೊರೆಯಲ್ಲಿ ಗಂಟೆಗಟ್ಟಲೆ ಓಡಿದರೆ ಬೇಕಾದಷ್ಟು ಬಿಸಿಯಾಗುವುದಿಲ್ಲ, ಇಂಧನ ಪೂರ್ತಿ ಉರಿಯುವುದಿಲ್ಲ. ಅರೆಬೆಂದ ಡೀಸೆಲ್ ಮಸಿಯೊಂದಿಗೆ ಬೆರೆತು ಸೈಲೆನ್ಸರಿನ ತುದಿಯಲ್ಲಿ ಕಪ್ಪು ಜಿಡ್ಡಾಗಿ ಜಿನುಗತೊಡಗುತ್ತದೆ, ಇಂಜೆಕ್ಟರು ಕಟ್ಟಿಕೊಳ್ಳುತ್ತದೆ, ಎಂಜಿನ್ನಿನ ಕಸುವು ಕುಗ್ಗುತ್ತದೆ. ಒಂದೆರಡು ಸೆಕೆಂಡಿನ ಎಳೆತಕ್ಕಾಗಿ ದಿನವಿಡೀ ದೊಡ್ಡ ಎಂಜಿನ್ ಓಡಿಸುವುದು ದುಬಾರಿ ದಾರಿ.

ಹೆಚ್ಚು ಸರಿಯಾದ ದಾರಿ ಮಿಕ್ಸರಿನ ಎಳೆತವನ್ನೇ ಪಳಗಿಸುವುದು. ಸಿಂಗಲ್ ಫೇಸ್ ಕರೆಂಟು ಪಡೆದು ಮೂರು ಫೇಸ್ ಕೊಡುವ ಸಣ್ಣ ವಿಎಫ್‌ಡಿ ಡ್ರೈವ್‌ಗಳು ಒಂದು ಎಚ್‌ಪಿಗೆ ಸುಲಭವಾಗಿ ಸಿಗುತ್ತವೆ. ಅದರ ಜೊತೆಗೆ ಮೂರು ಫೇಸಿನ ಮೋಟಾರನ್ನು ಮಿಕ್ಸರಿಗೆ ಕೂರಿಸಿದರೆ ಡ್ರೈವ್ ಅದನ್ನು ನಿಧಾನಗತಿಯಿಂದ ಮೇಲಕ್ಕೆ ಒಯ್ಯುತ್ತದೆ. ಎಳೆತ ಓಡುವ ಕರೆಂಟಿನ ಒಂದೂವರೆ ಪಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಳೆಯ ಸಿಂಗಲ್ ಫೇಸ್ ಕೆಪಾಸಿಟರ್ ಮೋಟಾರಿಗೇ ಈ ಡ್ರೈವ್ ಜೋಡಿಸಲು ಹೋಗಬಾರದು. ಇನ್ವರ್ಟರ್ ಕಂಪ್ರೆಸರ್ ಇರುವ ಫ್ರೀಜರು, ಏಸಿಗಳ ಒಳಗೆ ಇಂಥದೇ ಏರ್ಪಾಡು ಇರುವುದರಿಂದ ಅವು ಜನರೇಟರಿಗೆ ಹಗುರ.

ಡ್ರೈವ್ ಬಂದ ಮೇಲೆ ಅತಿ ದೊಡ್ಡ ಎಳೆತ ಡಿಸ್‌ಪ್ಲೇ ಕೌಂಟರಿನದಾಗುತ್ತದೆ. ಮಿಕ್ಸರ್ ಓಡುತ್ತಿರುವಾಗಲೇ ಅದು ಚಾಲೂ ಆದರೂ ಒಟ್ಟು ಸುಮಾರು 5,575 ವಿಎ, ಅದೂ ಒಂದು ಸೆಕೆಂಡಿನೊಳಗೆ. 5 ಕೆವಿಎ ಆಲ್ಟರ್ನೇಟರ್ ಇಷ್ಟು ಹೆಚ್ಚಳವನ್ನು ಆ ಹೊತ್ತಿಗೆ ತಾಳಿಕೊಳ್ಳುತ್ತದೆ. ದೀಪ ಒಮ್ಮೆ ಮಿಟುಕಬಹುದು.

ಎಂಜಿನ್ನಿನ ಬಲವನ್ನೂ ಇಲ್ಲಿ ಪರೀಕ್ಷಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳುವಾದ್ದರಿಂದ ಟರ್ಬೊ ಇಲ್ಲದ ಸಣ್ಣ ಎಂಜಿನ್ನುಗಳು ಪ್ರತಿ 300 ಮೀಟರಿಗೆ ಸುಮಾರು ಶೇ 3.5ರಷ್ಟು ಬಲ ಕಳೆದುಕೊಳ್ಳುತ್ತವೆ. ಮಂಗಳೂರಿನಲ್ಲಿ 4 ಕಿಲೋವ್ಯಾಟ್ ಕೊಡುವ ಯಂತ್ರ ಬೆಂಗಳೂರಿನಲ್ಲಿ ಕೊಡುವುದು 3.6. ಬೇಕರಿಯ ಪೂರ್ತಿ ಹೊರೆ 2,555 ವ್ಯಾಟ್ ಅದರ ಶೇ 71. ಮಿಕ್ಸರ್ ನಿಂತಾಗಿನ ಹೊರೆ ಶೇ 40. ಎರಡೂ ಎಂಜಿನ್ನಿಗೆ ಒಗ್ಗುವ ಮಟ್ಟ. ಹೀಗೆ ಈ ಅಂಗಡಿಗೆ 5 ಕೆವಿಎ ಸರಿಹೊಂದುತ್ತದೆ. ಆ ಐದು ‘ರೇಟೆಡ್’ ಅಂಕಿಯಾಗಿರಬೇಕು ಎಂಬುದು ಮಾತ್ರ ಮುಖ್ಯ. ಸಣ್ಣ ಪೆಟ್ರೋಲ್ ಜನರೇಟರುಗಳ ಮೈಮೇಲೆ ದೊಡ್ಡಕ್ಷರದಲ್ಲಿ ಇರುವುದು ಎಷ್ಟೋ ಸಲ ‘ಮ್ಯಾಕ್ಸಿಮಮ್’ ಅಂಕಿ. ಅಷ್ಟನ್ನು ಅವು ಸ್ವಲ್ಪ ಹೊತ್ತು ಮಾತ್ರ ಕೊಡಬಲ್ಲವು.

ಮೇಲಿನ ಲೆಕ್ಕಕ್ಕೆ ಒಂದು ಷರತ್ತಿದೆ: ಒಂದು ಹೊತ್ತಿಗೆ ಒಂದೇ ಮೋಟಾರು ಚಾಲೂ ಆಗಬೇಕು. ಕರೆಂಟು ಹೋಗಿ ಜನರೇಟರಿಗೆ ಬದಲಾಯಿಸಿದ ಕ್ಷಣದಲ್ಲಿ ಮೂರು ಕಂಪ್ರೆಸರುಗಳೂ ಒಟ್ಟಿಗೇ ಏಳಲು ನೋಡುತ್ತವೆ. ಜೊತೆಗೆ, ಆಗಷ್ಟೇ ನಿಂತ ಕಂಪ್ರೆಸರಿನ ಒಳಗೆ ಗ್ಯಾಸಿನ ಒತ್ತಡ ಒಂದು ಕಡೆ ಏರಿಯೇ ಇರುತ್ತದೆ. ಎರಡೂ ಬದಿ ಸಮವಾಗಲು ಮೂರು ನಾಲ್ಕು ನಿಮಿಷ ಬೇಕು. ಅದಕ್ಕೆ ಮುಂಚೆ ಕರೆಂಟು ಕೊಟ್ಟರೆ ಜನರೇಟರ್ ಎಷ್ಟೇ ದೊಡ್ಡದಿದ್ದರೂ ಅದು ಏಳಲು ತಿಣುಕುತ್ತದೆ. ಆದ್ದರಿಂದ ಚೇಂಜ್ ಓವರ್ ಸ್ವಿಚ್ ತಿರುಗಿಸುವ ಮುನ್ನ ಫ್ರೀಜರುಗಳ ಸ್ವಿಚ್ ಆರಿಸಿರಬೇಕು. ಮೊದಲು ದೀಪಗಳು, ನಾಲ್ಕು ನಿಮಿಷದ ನಂತರ ಡಿಸ್‌ಪ್ಲೇ ಕೌಂಟರ್, ಆಮೇಲೆ ಡೀಪ್ ಫ್ರೀಜರ್, ಕೂಲರ್, ಎಲ್ಲಕ್ಕೂ ಕೊನೆಗೆ ಮಿಕ್ಸರ್. ಕೈಯಿಂದ ಮಾಡಲು ಆಗದಿದ್ದರೆ ಟೈಮ್ ಡಿಲೇ ಇರುವ ಸ್ಟೆಬಿಲೈಸರುಗಳನ್ನು ಒಂದೊಂದಕ್ಕೂ ಬೇರೆ ಬೇರೆ ಹೊತ್ತಿಗೆ ಹೊಂದಿಸಿ ಇಡಬಹುದು.

ಜನರೇಟರ್ ಬಂದ ದಿನವೇ, ಮಾರಿದವರು ಎದುರಿಗಿರುವಾಗ, ಒಂದು ವೋಲ್ಟ್ ಮೀಟರ್ ಹಾಕಿ ಇದೇ ಸರದಿಯಲ್ಲಿ ಎಲ್ಲವನ್ನೂ ಚಾಲೂ ಮಾಡಿ ನೋಡಬೇಕು. ಡಿಸ್‌ಪ್ಲೇ ಕೌಂಟರ್ ಏಳುವಾಗ ಮುಳ್ಳು ಕೆಳಗಿಳಿದು ಒಂದೆರಡು ಸೆಕೆಂಡಿನಲ್ಲಿ 230ರ ಆಸುಪಾಸಿಗೆ ಮರಳಿದರೆ ಜನರೇಟರ್ ಸಾಕಾಗುತ್ತದೆ. ಮುಳ್ಳು ಕೆಳಗೇ ಉಳಿದು ಕಂಪ್ರೆಸರ್ ಗುಂಯ್‌ಗುಡುತ್ತಿದ್ದರೆ ತಕ್ಷಣ ಸ್ವಿಚ್ ಆರಿಸಿ ಜನರೇಟರನ್ನು ಹಿಂದಿರುಗಿಸುವ ಮಾತಾಡಬೇಕು. ಮುಂದೆ ಇನ್ನೊಂದು ಫ್ರೀಜರ್ ತರುವುದಾದರೆ ಅದರ ಎಲ್‌ಆರ್‌ಎ ನೋಡಿಕೊಂಡು ಈ ಕೂಡುವ ಲೆಕ್ಕವನ್ನು ಮತ್ತೆ ಮಾಡಬೇಕಾಗುತ್ತದೆ.